ಒಂಟಿ ಹಾಳೆಯ ಮೊತ್ತ

ಗಂಗುಲಪ್ಪನವರ ಫೋನು ಬಂದಾಗ ಚಂದ್ರಮೋಹನಾಚಾರಿ ಶನಿಯ ಕಾಗೆಗೆ ಕೊಕ್ಕು ತೀಡುತ್ತಿದ್ದ. ಒಂಬತ್ತು ಗ್ರಹಗಳಲ್ಲಿ ಎಂಟು ಮುಗಿದು ಅಂಗಳದ ಗೋಡೆಗೆ ಒರಗಿ ನಿಂತಿದ್ದವು. ಕೈಯ ದೂಳನ್ನು ಪಂಚೆಗೆ ಒರೆಸಿಕೊಂಡು ಫೋನು ಎತ್ತಿದ.

"ಆಚಾರೀ, ನೀನು ಕಳಿಸಿದ ಬಿಲ್ಲು ನೋಡಿದೆ. ಇದಕ್ಕೆ ನಾನು ಸಹಿ ಹಾಕೋಕಾಗಲ್ಲ."

"ಯಾಕೆ ಸ್ವಾಮಿ? ಏನಾಯ್ತು?"

"ಅಂಕಿಗಳು ಒಂದು ಆ ಕಡೆ, ಒಂದು ಈ ಕಡೆ. ಯಾವುದು ಸಾವಿರ, ಯಾವುದು ಲಕ್ಷ, ಗೊತ್ತೇ ಆಗಲ್ಲ. ಹೋಗ್ಲಿ ಅಂದ್ರೆ ಮೊತ್ತ ಎರಡನೇ ಹಾಳೇಲಿದೆ. ಆ ಹಾಳೇಲಿ ನಿನ್ನ ಹೆಸರಿಲ್ಲ, ನಮ್ಮ ದೇವಸ್ಥಾನದ ಹೆಸರಿಲ್ಲ, ಬರೀ ಒಂದು ಮೊತ್ತ. ಯಾವ ಬಿಲ್ಲಿಗೆ ಬೇಕಾದ್ರೂ ಹಚ್ಚಬಹುದು ಅದನ್ನ. ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?"

ಗಂಗುಲಪ್ಪ ಯಲ್ದೂರಿನ ಹತ್ತಿರದ ಒಂದು ಹಳ್ಳಿಯವರು. ಮೇಷ್ಟ್ರಾಗಿದ್ದು ನಿವೃತ್ತರಾದವರು. ಊರಿನ ಹಳೆಯ ಶಿವನ ಗುಡಿಯನ್ನು ಹೊಸದಾಗಿ ಕಟ್ಟಿಸುತ್ತಿದ್ದ ಸಮಿತಿಗೆ ಅವರೇ ಖಜಾಂಚಿ. ಶನಿವಾರ ಸಮಿತಿಯ ಸಭೆ. ಅಲ್ಲಿ ಬಿಲ್ಲು ಒಪ್ಪಿಗೆಯಾದರೆ ಮಾತ್ರ ಮುಂದಿನ ವಾರ ಲಾರಿ ಬಂದು ಮೂರ್ತಿಗಳನ್ನು ಒಯ್ಯುತ್ತದೆ.

"ನಾನು ಮೋಸ ಮಾಡಿದೀನಿ ಅಂತೀರಾ?" ಎಂದ ಆಚಾರಿ. ಅವನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಗಂಗುಲಪ್ಪ, "ನಾನು ಹಾಗಂದ್ನಾ? ಸರಿ ಮಾಡ್ಕೊಂಡು ಬಾ. ನೀನೇ ಬಾ, ಬೇರೆ ಯಾರ ಕೈಲೂ ಕಳಿಸಬೇಡ," ಎಂದು ಇಟ್ಟುಬಿಟ್ಟರು.

ಆಚಾರಿ ಉಳಿಯನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ಶಿವಾರಪಟ್ಟಣದಲ್ಲಿ ನಲವತ್ತು ವರ್ಷ ಕಲ್ಲು ಕಡಿದಿದ್ದ. ಮೂಗು ಸರಿಯಿಲ್ಲ, ಕಣ್ಣು ಸರಿಯಿಲ್ಲ ಎಂದು ಜನ ಹೇಳಿದ್ದುಂಟು, ಹೇಳಿದಾಗ ತಿದ್ದಿದ್ದ. ಲೆಕ್ಕ ಸರಿಯಿಲ್ಲ ಎಂದು ಯಾರೂ ಹೇಳಿರಲಿಲ್ಲ. ಅದಕ್ಕೆ ಕಾರಣ ಶಾಮಲಮ್ಮ.

ಶಾಮಲಮ್ಮ ಅವನ ಹೆಂಡತಿ. ಮದುವೆಯಾದ ಹೊಸದರಲ್ಲಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬಿಲ್ಲು ಬರೆಯುತ್ತಿದ್ದಳು. ಪ್ರಿಂಟಾದ ಬಿಲ್ಲೇ ಬೇಕು ಎಂದು ದೇವಸ್ಥಾನದವರು ಕೇಳತೊಡಗಿದಾಗ, ನಲವತ್ತಾರನೆಯ ವಯಸ್ಸಿನಲ್ಲಿ ವಾರಕ್ಕೆರಡು ದಿನ ಮಾಲೂರಿಗೆ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಕಲಿತು ಬಂದಳು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರೊಂದನ್ನು ಒಳಕೋಣೆಯಲ್ಲಿ ಇರಿಸಿ, ಕಲ್ಲಿನ ದೂಳು ಬೀಳದಂತೆ ಹಳೇ ಸೀರೆಯ ತುಂಡನ್ನು ಹೊದಿಸುತ್ತಿದ್ದಳು. ಮಕ್ಕಳಿಲ್ಲದ ಮನೆ. ಸಂಜೆ ಕೆಲಸದವರಿಬ್ಬರು ಹೊರಟುಹೋದ ಮೇಲೆ, ಆ ಕೋಣೆಯಿಂದ ಬರುವ ಕೀಲಿಗಳ ಟಕಟಕ ಸದ್ದು ಕೇಳುತ್ತ ಅವನು ಜಗುಲಿಯಲ್ಲಿ ಕೂತಿರುತ್ತಿದ್ದ. ಹೋದ ಮಾಘದಲ್ಲಿ ಜ್ವರವೆಂದು ಮಲಗಿದವಳು ಹನ್ನೊಂದು ದಿನಕ್ಕೆ ಹೋಗಿಬಿಟ್ಟಳು. ಆಮೇಲೆ ಆ ಕೋಣೆಯ ಬಾಗಿಲು ತೆರೆದದ್ದು ಈ ಬಿಲ್ಲಿಗಾಗಿಯೇ.

ಹೋದ ಭಾನುವಾರ ಅವಳ ಹಳೆಯ ಬಿಲ್ಲೊಂದನ್ನು ತೆರೆದು, ಬೇರೆ ಹೆಸರು ಕೊಟ್ಟು ಉಳಿಸಿ, ಅದರ ಮೇಲೆಯೇ ಬರೆಯತೊಡಗಿದ್ದ. ಅದರಲ್ಲಿದ್ದದ್ದು ಆರು ಸಾಲು. ಅವನಿಗೆ ಬೇಕಾದದ್ದು ಹದಿನೈದು. ಸಮಿತಿಯವರು ಕಳಿಸಿದ್ದ ಪಟ್ಟಿಯಿಂದ ಗ್ರಹಗಳ ಹೆಸರನ್ನು ಎತ್ತಿ ಅಂಟಿಸಿದ. ಅಂಟಿಸಿದ್ದೇ ತಡ, ಅಕ್ಷರ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಹಣದ ಕಾಲಮ್ಮಿನಲ್ಲಿ ಕೆಲವು ಅಂಕಿ ಎಡಕ್ಕೆ ಜಾರಿದವು, ಕೆಲವು ನಡುವೆ ನಿಂತವು. ಕಂಪ್ಯೂಟರಿಗೆ ಕೈ ಹಾಕುವಾಗ ಅವನಿಗೆ ಉಳಿಯ ಹಿಡಿತವೇ ಬರುತ್ತಿತ್ತು. ಸ್ಪೇಸ್ ಗುಂಡಿಯನ್ನು ಒತ್ತಿ ಒತ್ತಿ ಒಂದೊಂದೇ ಅಂಕಿಯನ್ನು ಬಲಕ್ಕೆ ತಳ್ಳಿದ. ಸಾಲುಗಳು ಒತ್ತಾದವೆನ್ನಿಸಿ ಎಂಟರ್ ಹೊಡೆದು ಜಾಗ ಮಾಡಿದ, ಗೆರೆಯನ್ನು ಮೌಸಿನಿಂದ ಹಿಡಿದು ಕೆಳಗೆ ಎಳೆದ. ಮೂರು ಗಂಟೆ ಹಿಡಿಯಿತು. ಪೆನ್‌ಡ್ರೈವ್‌ಗೆ ಹಾಕಿಕೊಂಡು ಊರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ನೋಡದೆಯೇ ಕವರಿಗೆ ಹಾಕಿ ಕಳಿಸಿದ್ದ.

ಈಗ ಅದೇ ಪೆನ್‌ಡ್ರೈವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮಾಲೂರಿಗೆ ಹೊರಟ. ಶಾಮಲಮ್ಮ ಯಾವಾಗಲೂ "ಶೋಭಾ ಹತ್ರ ಪ್ರಿಂಟ್ ತೆಗೆಸ್ಕೊಂಡು ಬರ್ತೀನಿ" ಎನ್ನುತ್ತಿದ್ದಳು. ಆ ಶೋಭಾ ಯಾರು, ಎಲ್ಲಿ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮೂರು ಅಂಗಡಿ ವಿಚಾರಿಸಿದ ಮೇಲೆ, ಮೆಟ್ಟಿಲ ಕೆಳಗಿನ ಒಂದು ಸಣ್ಣ ಕೋಣೆಯನ್ನು ತೋರಿಸಿದರು.

ಕೋಣೆಯಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಬ್ಬಳೇ ಹೆಂಗಸು. ಶೋಭಾರಾಣಿಗೆ ನಲವತ್ತು ದಾಟಿತ್ತು. ಅರ್ಜಿ, ಕರಾರು, ಮದುವೆ ಪತ್ರಿಕೆ ಟೈಪು ಮಾಡುತ್ತ, ಬಂದವರಿಗೆ ಕಂಪ್ಯೂಟರ್ ಹೇಳಿಕೊಡುತ್ತ ಹದಿನೆಂಟು ವರ್ಷದಿಂದ ಅಲ್ಲೇ ಕೂತಿದ್ದಳು. ಈಗ ಎಲ್ಲರ ಕೈಯಲ್ಲೂ ಫೋನಿದ್ದುದರಿಂದ ಜನ ಬರುವುದು ಕಡಿಮೆಯಾಗಿತ್ತು. ಆಚಾರಿ ಪೆನ್‌ಡ್ರೈವ್ ಕೊಟ್ಟ. ಅವಳು ಫೈಲುಗಳ ಹೆಸರು ನೋಡಿ ತಟ್ಟನೆ ತಲೆಯೆತ್ತಿದಳು.

"ಇದು ಶಾಮಲಕ್ಕನ ಪೆನ್‌ಡ್ರೈವ್ ಅಲ್ವಾ? ನೀವು ಆಚಾರ್ರು! ಎಲ್ಲಿ ಅಕ್ಕ? ಎಷ್ಟು ತಿಂಗಳಾಯ್ತು ಬಂದು. ಮನೇಲೇ ಪ್ರಿಂಟರ್ ತಗೊಂಡ್ರು ಅಂದ್ಕೊಂಡೆ ನಾನು. ಕೋಪ ಕೂಡ ಬಂದಿತ್ತು, ಒಂದು ಮಾತು ಹೇಳ್ಲಿಲ್ಲ ಅಂತ."

"ಹೋದ್ಲಮ್ಮಾ. ಮಾಘದಲ್ಲಿ."

ಶೋಭಾರಾಣಿಯ ಕೈ ಮೌಸಿನ ಮೇಲೆಯೇ ನಿಂತಿತು. ಹೊರಗೆ ಕೋಲಾರದ ಬಸ್ಸಿನವನು ಕೂಗುತ್ತಿದ್ದ. "ನಂಗೆ ಯಾರೂ ಹೇಳ್ಲಿಲ್ಲ," ಎಂದಳು ಅವಳು. ಹೇಳಬೇಕಾದವನು ಅವನೇ ಎಂಬುದು ಆಚಾರಿಗೆ ಆಗ ಹೊಳೆಯಿತು. ಹೆಂಡತಿಗೆ ಹೀಗೊಬ್ಬ ಗೆಳತಿಯಿದ್ದಳೆಂಬುದೇ ಅವನಿಗೆ ಗೊತ್ತಿರಲಿಲ್ಲ.

"ಕೂತ್ಕೊಳ್ಳಿ ಅಣ್ಣಾ," ಎಂದು ಅವಳು ಪಕ್ಕದ ಕುರ್ಚಿಯ ಮೇಲಿದ್ದ ಕಾಗದಗಳನ್ನು ತೆಗೆದಳು. "ಅಕ್ಕ ಅಲ್ಲೇ ಕೂರ್ತಿದ್ರು. ಏನಾಗಿದೆ ಬಿಲ್ಲಿಗೆ?"

ಅವನು ಹೇಳಿದ. ಅವಳು ಫೈಲು ತೆರೆದಳು. ಹದಿನೈದು ಸಾಲು ಪುಟದ ತುದಿಯವರೆಗೂ ಉದ್ದಕ್ಕೆ ಹರಡಿತ್ತು. "ಒಟ್ಟು" ಎಂಬ ಸಾಲು ಒಂದೇ ಎರಡನೆಯ ಪುಟದ ನೆತ್ತಿಯಲ್ಲಿ ನಿಂತಿತ್ತು. ಅದರ ಕೆಳಗೆ ಪುಟವೆಲ್ಲ ಬೆಳ್ಳಗೆ. ಅಂಗಡಿಯ ಪರದೆಯ ಮೇಲೆ, ಬೇರೊಬ್ಬರ ಪಕ್ಕ ಕೂತು ನೋಡಿದಾಗಲೇ ಅವನಿಗೆ ನಾಚಿಕೆಯಾದದ್ದು.

"ಒಂದು ತೋರಿಸ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದು ಅವಳು ಮೇಲಿನ ಪಟ್ಟಿಯಲ್ಲಿ ಉಲ್ಟಾ ಪಿ ಥರದ ಗುರುತೊಂದನ್ನು ಒತ್ತಿದಳು. ಕೂಡಲೇ ಕಾಲಮ್ಮಿನ ತುಂಬ ಸಣ್ಣ ಚುಕ್ಕೆಗಳು ಎದ್ದವು.

"ಇದೇನಮ್ಮಾ?"

"ನೀವು ಸ್ಪೇಸ್ ಒತ್ತಿದ್ದು. ಒಂದು ಸಲಕ್ಕೆ ಒಂದು ಚುಕ್ಕೆ. ಪ್ರಿಂಟಲ್ಲಿ ಬರಲ್ಲ, ಆದ್ರೆ ಜಾಗ ತಿನ್ನುತ್ತೆ. ಕಣ್ಣಳತೇಲಿ ತಳ್ಳಿದ್ರೆ ಅಂಕಿ ಒಂದೇ ಸಾಲಿಗೆ ನಿಲ್ಲಲ್ಲ ಅಣ್ಣಾ. ಆಮೇಲೆ ಈ ಗುರುತೆಲ್ಲ ನೀವು ಹೊಡೆದಿರೋ ಎಂಟರ್. ಸುಮ್ಮನೆ ಪಟ್ಟಿಯ ಒಂದೊಂದು ಚೌಕದ ಮನೇಲೂ ಖಾಲಿ ಸಾಲು."

ಅವಳು ಹಣದ ಕಾಲಮ್ಮನ್ನಷ್ಟೇ ಆರಿಸಿಕೊಂಡು, ಸ್ಪೇಸ್ ಇರುವಲ್ಲಿ ಏನೂ ಇಲ್ಲದಂತೆ ಬದಲಿಸು ಎಂದು ಕೊಟ್ಟಳು. ಇನ್ನೂರ ಹನ್ನೆರಡು ಬದಲಾವಣೆ ಆಯಿತೆಂದು ಪರದೆ ಹೇಳಿತು. ಉಳಿದ ಭಾಗದಲ್ಲೂ ಹುಡುಕಲೇ ಎಂದು ಕೇಳಿದಾಗ ಬೇಡವೆಂದು ಒತ್ತಿದಳು. "ಹೂಂ ಅಂದಿದ್ರೆ ನಿಮ್ಮ ವಿಳಾಸದ ಪದಗಳೆಲ್ಲ ಒಂದಕ್ಕೊಂದು ಅಂಟ್ಕೊಂಡು ಹೋಗ್ತಿದ್ವು."

ಇನ್ನೂರ ಹನ್ನೆರಡು. ಆಚಾರಿ ಆ ಅಂಕಿಯನ್ನು ನೋಡುತ್ತ ಕೂತ. ಆ ಭಾನುವಾರ ಮಧ್ಯಾಹ್ನ ಆ ಕೋಣೆಯಲ್ಲಿ ತನ್ನ ಬೆರಳಿಂದ ಬಂದದ್ದೆಲ್ಲ ಈ ಇನ್ನೂರ ಹನ್ನೆರಡು ಟಕಟಕ ಸದ್ದೇ.

ಕೆಲವು ಮನೆಗಳಲ್ಲಿ "ರೂ." ಎಂದಿತ್ತು, ಕೆಲವುಗಳಲ್ಲಿ ಕೊನೆಗೆ ಅಡ್ಡಗೆರೆ, ಕೆಲವುಗಳಲ್ಲಿ ಪೈಸೆಯ ಸೊನ್ನೆಗಳು. ಅವಳು ರೂಪಾಯಿಯ ಗುರುತನ್ನು ಕಾಲಮ್ಮಿನ ತಲೆಬರಹಕ್ಕೆ ಒಂದೇ ಸಲ ಬರೆದು, ಉಳಿದ ಕಡೆಯೆಲ್ಲ ತೆಗೆದಳು. ಎಲ್ಲ ಅಂಕಿಗೂ ಅಲ್ಪವಿರಾಮ, ಬಿಂದು, ಎರಡು ಸೊನ್ನೆ ಹಾಕಿದಳು. "ಕೊನೇಲಿ ಎಲ್ಲದಕ್ಕೂ ಒಂದೇ ಥರ ಸೊನ್ನೆ ಇರ್ಬೇಕು. ಇಲ್ಲಾಂದ್ರೆ ಬಲಕ್ಕೆ ಒತ್ತಿದ್ರೂ ಬಿಡಿ ಕೆಳಗೆ ಬಿಡಿ, ಹತ್ತು ಕೆಳಗೆ ಹತ್ತು ಬರಲ್ಲ." ಆಮೇಲೆ ಕಾಲಮ್ಮನ್ನು ಮತ್ತೆ ಆರಿಸಿ ಬಲಕ್ಕೆ ಹೊಂದಿಸುವ ಗುರುತನ್ನು ಒಮ್ಮೆ ಒತ್ತಿದಳು. ಅಂಕಿಗಳೆಲ್ಲ ಸರ್ರನೆ ಸರಿದು ಬಲಗೆರೆಯ ಪಕ್ಕ ಒಂದರ ಕೆಳಗೊಂದು ನಿಂತವು. ಬಿಂದುವಿನ ಕೆಳಗೆ ಬಿಂದು, ಅಲ್ಪವಿರಾಮದ ಕೆಳಗೆ ಅಲ್ಪವಿರಾಮ. ಲಕ್ಷದ ಅಂಕಿಗಳು ಮಾತ್ರ ಎಡಕ್ಕೆ ಚಾಚಿಕೊಂಡಿದ್ದವು.

ಶೋಭಾರಾಣಿ ಮೇಲಿನಿಂದ ಕೆಳಕ್ಕೆ ಬೆರಳು ಓಡಿಸಿದಳು. ಒಂಬತ್ತು ಗ್ರಹ, ಒಂದೊಂದಕ್ಕೆ ಮೂವತ್ತೆಂಟು ಸಾವಿರ. ಗಣಪತಿ ಒಂದು ಲಕ್ಷದ ಹತ್ತು ಸಾವಿರ. ಬೆರಳು ಅದರ ಕೆಳಗಿನ ಸಾಲಿನಲ್ಲಿ ನಿಂತಿತು.

"ಅಣ್ಣಾ, ನಂದಿ ಎಷ್ಟು ದೊಡ್ಡದು?"

"ಮೂರೂವರೆ ಅಡಿ. ಒಂದೇ ಕಲ್ಲು. ಯಾಕಮ್ಮಾ?"

"ಬಲಿಪೀಠಕ್ಕೆ ಮೂವತ್ತಾರೂವರೆ ಸಾವಿರ ಹಾಕಿದೀರಿ. ನಂದಿ ಬರೀ ಹದಿನೆಂಟೂವರೆ ಸಾವಿರಾನಾ?"

ಆಚಾರಿ ಪರದೆಯ ಹತ್ತಿರಕ್ಕೆ ಮುಖ ತಂದ. ಗಣಪತಿ ಎಡಕ್ಕೆ ಚಾಚಿತ್ತು. ಎರಡು ದ್ವಾರಪಾಲಕರ ಎರಡು ಲಕ್ಷ ನಲವತ್ತು ಸಾವಿರವೂ ಚಾಚಿತ್ತು. ಅವೆರಡರ ನಡುವಿನ ನಂದಿ ಮಾತ್ರ ಒಳಕ್ಕೆ ಕುಗ್ಗಿ ನಿಂತಿತ್ತು. ಜೇಬಿನಿಂದ ಲೆಕ್ಕದ ನೋಟ್‌ಬುಕ್ ತೆಗೆದು ಪುಟ ತಿರುವಿದ. ನಂದಿಗೆ ಒಂದು ಲಕ್ಷ ಎಂಬತ್ತೈದು ಸಾವಿರ. ಬಿಲ್ಲಿನಲ್ಲಿ ಒಂದು ಸೊನ್ನೆ ಬಿಟ್ಟುಹೋಗಿತ್ತು.

"ಮೊತ್ತ ಎಲ್ಲಿಂದ ಹಾಕಿದ್ರಿ?"

"ಪುಸ್ತಕ ನೋಡಿ ಹಾಕ್ದೆ. ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ಐನೂರು. ಅದು ಸರಿಯಿದೆ."

ಅವಳು ಕ್ಯಾಲ್ಕುಲೇಟರ್ ಎಳೆದುಕೊಂಡು ಬಿಲ್ಲಿನ ಸಾಲುಗಳನ್ನು ಇದ್ದ ಹಾಗೆ ಕೂಡಿದಳು. ಎಂಟು ಲಕ್ಷ ಮೂವತ್ತಮೂರು ಸಾವಿರ. ಕ್ಯಾಲ್ಕುಲೇಟರನ್ನು ಅವನ ಕಡೆ ತಿರುಗಿಸಿದಳು. ಸಾಲುಗಳನ್ನು ಕೂಡಿದರೆ ಬರುವುದಕ್ಕಿಂತ ಒಂದೂವರೆ ಲಕ್ಷಕ್ಕೂ ಹೆಚ್ಚಿನ ಮೊತ್ತ, ಅದೂ ಹೆಸರಿಲ್ಲದ ಬೇರೊಂದು ಹಾಳೆಯಲ್ಲಿ. ಗಂಗುಲಪ್ಪನವರ ಆ ಅರೆಗಳಿಗೆಯ ಮೌನ ಆಚಾರಿಗೆ ನೆನಪಾಯಿತು.

"ನಾನು ಅವರ ಮೇಲೇ ರೇಗಿದೆನಲ್ಲಮ್ಮಾ," ಎಂದ.

ಅವಳು ಸೊನ್ನೆಯನ್ನು ಸೇರಿಸಿದಳು. ನಂದಿ ಎಡಕ್ಕೆ ಚಾಚಿಕೊಂಡು ತನ್ನ ಜಾಗಕ್ಕೆ ಬಂತು. ಇನ್ನೊಮ್ಮೆ ಕೂಡಿದಳು, ಮೊತ್ತ ಹೊಂದಿತು.

ಆಮೇಲೆ ಸಾಲುಗಳ ಕೆಲಸ. ಖಾಲಿ ಎಂಟರ್‌ಗಳನ್ನು ಅಳಿಸಿದಳು. ಅಂಟಿಸಿದ ಪಟ್ಟಿಯಿಂದ ಬಂದಿದ್ದ ಸಾಲಿನ ಕೆಳಗಿನ ಖಾಲಿ ಜಾಗವನ್ನು ಸೊನ್ನೆ ಮಾಡಿದಳು. ಟೇಬಲ್ಲಿನ ಸೆಟ್ಟಿಂಗು ತೆರೆದು ಸಾಲುಗಳ ಎತ್ತರ ತೋರಿಸಿದಳು: ಅವನು ಮೌಸಿನಿಂದ ಎಳೆದಾಗ ಒಂದೊಂದು ಸಾಲಿಗೂ ಇಷ್ಟಾದರೂ ಎತ್ತರ ಇರಲೇಬೇಕೆಂದು ದಾಖಲಾಗಿಬಿಟ್ಟಿತ್ತು. ಆ ಗುರುತನ್ನು ತೆಗೆದಳು. ಸಾಲುಗಳು ಅಕ್ಷರದ ಎತ್ತರಕ್ಕೆ ಇಳಿದವು, ಮತ್ತು ಒಟ್ಟು ಎಂಬ ಸಾಲು ಎರಡನೆಯ ಪುಟದಿಂದ ಮೇಲೆದ್ದು ಬಂದು ಸಾಗಾಣಿಕೆಯ ಸಾಲಿನ ಕೆಳಗೆ ಕೂತಿತು. ಅದರ ಕೆಳಗೆ ಸಹಿಗೂ ಜಾಗ ಉಳಿಯಿತು. ಎರಡನೆಯ ಪುಟವೇ ಇಲ್ಲವಾಯಿತು.

"ಇಷ್ಟು ಸಾಕಲ್ವಾ?" ಎಂದ ಆಚಾರಿ.

"ಈ ಬಿಲ್ಲಿಗೆ ಸಾಕು. ನಾಳೆ ನಿಮಗೆ ನಲವತ್ತು ಸಾಲು ಬಂದ್ರೆ? ಆಗ ಎರಡು ಪುಟ ಆಗೇ ಆಗುತ್ತೆ." ಅವಳು ಯೋಚಿಸಿ, ಪೆನ್‌ಡ್ರೈವಿನಲ್ಲಿದ್ದ ಶಾಮಲಮ್ಮನ ಹಳೆಯ ಬಿಲ್ಲೊಂದನ್ನು ತೆರೆದಳು. ಅದರಲ್ಲಿಯೂ ಉಲ್ಟಾ ಪಿ ಗುರುತನ್ನು ಒತ್ತಿದಳು. ಹಣದ ಕಾಲಮ್ಮಿನಲ್ಲಿ ಒಂದು ಚುಕ್ಕೆಯಿರಲಿಲ್ಲ. ಕೊನೆಯ ಸಾಲುಗಳ ಪಕ್ಕದಲ್ಲಿ ಮಾತ್ರ ಪುಟ್ಟ ಕಪ್ಪು ಚೌಕಗಳಿದ್ದವು.

"ಇದು ನೋಡಿ. ಮೊತ್ತದ ಮೇಲಿನ ಎರಡು ಸಾಲಿಗೆ, ಮುಂದಿನ ಸಾಲಿನ ಜೊತೇಲೇ ಇರು ಅಂತ ಹೇಳಿಟ್ಟಿದಾರೆ. ಹಾಗೆ ಮಾಡಿದ್ರೆ ಮೊತ್ತ ಒಂದೇ ಆಚೆ ಪುಟಕ್ಕೆ ಹೋಗಲ್ಲ. ಹೋದ್ರೆ ಆ ಎರಡು ಸಾಲನ್ನೂ ಕರ್ಕೊಂಡೇ ಹೋಗುತ್ತೆ. ಸಾಲು ಮಧ್ಯದಲ್ಲಿ ಮುರೀಬಾರದು ಅಂತಾನೂ ಇಟ್ಟಿದಾರೆ. ತಲೆಬರಹ ಪ್ರತಿ ಪುಟದಲ್ಲೂ ಬರಬೇಕು ಅಂತಾನೂ ಇದೆ. ನಾನು ಒಂದೇ ಒಂದು ಸಲ ಹೇಳ್ಕೊಟ್ಟಿದ್ದೆ ಅಣ್ಣಾ ಇದನ್ನ. ಆರು ಸಾಲಿನ ಬಿಲ್ಲಿಗೆ ಬೇಕಾಗೇ ಇಲ್ಲ. ಆದ್ರೂ ಮಾಡಿಟ್ಟಿದಾರೆ. ನೀವು ಹೊಸ ಸಾಲು ಸೇರಿಸೋವಾಗ ನಿಮ್ಮ ಬಿಲ್ಲಲ್ಲಿ ಅದೆಲ್ಲ ಅಳಿಸಿಹೋಗಿದೆ."

ಆಚಾರಿ ಆ ಚೌಕಗಳನ್ನು ನೋಡಿದ. ಜಗುಲಿಯಲ್ಲಿ ಕೂತು ಇಷ್ಟು ವರ್ಷ ಸದ್ದು ಕೇಳಿದ್ದ. ಒಳಗೆ ಅವಳು ಏನು ಮಾಡುತ್ತಿದ್ದಾಳೆಂದು ಎದ್ದುಹೋಗಿ ನೋಡಿರಲಿಲ್ಲ. ಅವನು ಕಡೆದ ಮೂರ್ತಿಗಳನ್ನು ಮಾತ್ರ ಅವಳು ಒಂದನ್ನೂ ಬಿಡದೆ ಬಂದು ನೋಡುತ್ತಿದ್ದಳು, ಸೆರಗಿನಿಂದ ದೂಳು ಒರೆಸಿ. ಶೋಭಾರಾಣಿ ಪರದೆಯಿಂದ ಕಣ್ಣು ತೆಗೆಯದೆ ಹೊಸ ಬಿಲ್ಲಿಗೂ ಅದೇ ಸೆಟ್ಟಿಂಗುಗಳನ್ನು ಕೊಟ್ಟಳು. ಪ್ರಿಂಟ್ ತೆಗೆದು ಬಿಸಿಬಿಸಿಯಾಗಿದ್ದ ಹಾಳೆಯನ್ನು ಕೈಗಿಟ್ಟಳು. ದುಡ್ಡು ಎಷ್ಟೆಂದು ಕೇಳಿದರೆ ಪ್ರಿಂಟಿನ ಐದು ರೂಪಾಯಿ ಮಾತ್ರ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಕೋಲಾರದಲ್ಲಿ ಬಸ್ಸು ಬದಲಿಸಿ, ಶ್ರೀನಿವಾಸಪುರದಲ್ಲಿ ಮತ್ತೊಮ್ಮೆ ಬದಲಿಸಿ ಆಚಾರಿ ಯಲ್ದೂರಿನ ಕಡೆ ಹೋದ. ಗಂಗುಲಪ್ಪ ಮಾವಿನ ತೋಪಿನ ಮನೆಯ ಮುಂದೆ ಪೇಪರು ಓದುತ್ತಿದ್ದರು.

"ರಾ ಆಚಾರೀ, ಕೂತ್ಕೋ," ಎಂದು ತೆಲುಗು ಬೆರೆಸಿ ಕರೆದರು.

ಅವನು ಕೂರಲಿಲ್ಲ. ಹಾಳೆಯನ್ನು ಕೊಟ್ಟು, "ತಪ್ಪು ನಂದೇ ಸ್ವಾಮಿ. ನಂದಿಯ ಸಾಲಲ್ಲಿ ಒಂದು ಸೊನ್ನೆ ಬಿಟ್ಟಿದ್ದೆ. ಕೂಡಿದ್ರೆ ಮೊತ್ತಕ್ಕೆ ಹೊಂದ್ತಿರಲಿಲ್ಲ. ಫೋನಲ್ಲಿ ನಿಮ್ಮ ಮೇಲೆ ರೇಗ್ದೆ. ಕ್ಷಮಿಸಿ," ಎಂದ. ಪುರಾವೆಗೆಂದು ನೋಟ್‌ಬುಕ್ಕನ್ನೂ ತೆರೆದು ಹಿಡಿದ.

ಗಂಗುಲಪ್ಪ ಕನ್ನಡಕ ಏರಿಸಿ, ಬೆರಳಿಟ್ಟು, ತುಟಿಯಲ್ಲೇ ಎಣಿಸುತ್ತ ಇಡೀ ಕಾಲಮ್ಮನ್ನು ಕೂಡಿದರು. ನೋಟ್‌ಬುಕ್ಕಿನ ಪುಟವನ್ನೂ ನೋಡಿದರು. ಎಲ್ಲ ಮುಗಿದ ಮೇಲೆ ಕನ್ನಡಕ ತೆಗೆದರು.

"ನಾನು ಆವತ್ತೇ ಕೂಡಿದ್ದೆ," ಎಂದರು. "ಕಣ್ಣಿಗೆ ಸರಿಯಾಗಿ ಕಾಣ್ದೆ ಮೂರು ಸಲ ಕೂಡ್ದೆ. ಮೂರು ಸಲಾನೂ ಒಂದು ಲಕ್ಷ ಅರವತ್ತಾರು ಸಾವಿರದ ಐನೂರು ಜಾಸ್ತಿ."

"ಮತ್ತೆ ಹೇಳ್ಲಿಲ್ವಲ್ಲ?"

"ಫೋನಲ್ಲಿ ಹೇಗೆ ಹೇಳೋದಯ್ಯ? ಮನೇಲಿ ನಾಲ್ಕು ಜನ ಇದ್ರು. ಕೇಳಿಸ್ಕೊಂಡವರು ಊರೆಲ್ಲ ಹೇಳ್ಕೊಂಡು ಬರ್ತಿದ್ರು. ಆಮೇಲೆ ಸೊನ್ನೆ ಬಿಟ್ಟಿದ್ದು ಅಂತ ನೀನು ಎಷ್ಟು ಸಲ ಹೇಳಿದ್ರೂ ಯಾರು ನಂಬ್ತಾರೆ? ಅದಕ್ಕೇ ನೀನೇ ಬಾ ಅಂದೆ." ಹಾಳೆಯನ್ನು ಮಡಿಸದೆ ಫೈಲಿಗೆ ಸೇರಿಸಿದರು. "ಈ ಸಲ ಅಚ್ಚುಕಟ್ಟಾಗಿದೆ. ಯಾರು ಮಾಡಿದ್ದು?"

ಆಚಾರಿಗೆ ಶೋಭಾರಾಣಿಯ ಹೆಸರು ಹೇಳಬೇಕೆನ್ನಿಸಿತು. ಬಾಯಿಗೆ ಬಂದದ್ದು ಬೇರೆ. "ನಮ್ಮನೆಯವಳು ಮಾಡಿಟ್ಟಿದ್ದ ಮಾದರಿ ಸ್ವಾಮಿ. ನಾನು ಕೆಡಿಸಿದ್ದೆ. ಮಾಲೂರಲ್ಲಿ ಒಬ್ರು ಸರಿ ಮಾಡ್ಕೊಟ್ರು."

ಶನಿವಾರ ಬಿಲ್ಲು ಒಪ್ಪಿಗೆಯಾಯಿತು. ಬುಧವಾರ ಲಾರಿ ಬಂತು. ಹುಲ್ಲು ಹಾಸಿ, ಗೋಣಿ ಸುತ್ತಿ, ಒಂಬತ್ತು ಗ್ರಹಗಳನ್ನೂ ಗಣಪತಿಯನ್ನೂ ದ್ವಾರಪಾಲಕರನ್ನೂ ಪೀಠಗಳನ್ನೂ ಏರಿಸಿದರು. ನಂದಿಗೆ ಏಳು ಜನ ಬೇಕಾಯಿತು. ಮಧ್ಯಾಹ್ನ ಎರಡು ಗಂಟೆಗೆ ಲಾರಿ ತಿರುವು ದಾಟಿತು. ಕೆಲಸದವರು ಊಟಕ್ಕೆ ಹೋದರು. ಅಂಗಳದಲ್ಲಿ ಮೂರ್ತಿಗಳಿದ್ದ ಕಡೆ ಹದಿನೈದು ದಿನದ ದೂಳಿನ ನಡುವೆ ಸ್ವಚ್ಛ ಚೌಕಗಳು ಉಳಿದಿದ್ದವು. ಆಚಾರಿ ಅನ್ನಕ್ಕೆ ಸಾರು ಸುರಿದುಕೊಂಡು ಜಗುಲಿಯಲ್ಲಿ ಒಬ್ಬನೇ ಉಂಡ. ದೊಡ್ಡ ಕೆಲಸ ಮುಗಿದ ದಿನ ಶಾಮಲಮ್ಮ ಪಾಯಸ ಮಾಡುತ್ತಿದ್ದಳು. ಹೇಗಿತ್ತು ಮೂರ್ತಿ ಎಂದು ಕೇಳುವವರೂ ಇಲ್ಲ, ಬಿಲ್ಲು ಒಪ್ಪಿಗೆಯಾಯಿತೆಂದು ಹೇಳಲು ಯಾರೂ ಇಲ್ಲ. ತಟ್ಟೆ ತೊಳೆದು ಬೋರಲು ಹಾಕಿ, ಒಳಕೋಣೆಗೆ ಹೋಗಿ ಸ್ವಲ್ಪ ಹೊತ್ತು ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದು, ಎದ್ದು ಬಂದ.

ತಿಂಗಳು ಕಳೆದ ಮೇಲೆ ಮಾಸ್ತಿಯ ಕಡೆಯವರೊಬ್ಬರಿಗೆ ಎರಡು ನಾಗರಕಲ್ಲು ಮಾಡಿಕೊಟ್ಟ. ಅದರ ಬಿಲ್ಲಿಗೆ ಮೂರೇ ಸಾಲು. ಸ್ಪೇಸ್ ಗುಂಡಿ ಮುಟ್ಟದೆ, ಕಾಲಮ್ಮು ಆರಿಸಿ ಬಲಕ್ಕೆ ಹೊಂದಿಸಿ, ಎಲ್ಲದಕ್ಕೂ ಎರಡು ಸೊನ್ನೆ ಹಾಕಿ, ಒಂದೂವರೆ ಗಂಟೆಯಲ್ಲಿ ಮುಗಿಸಿದ. ಉಲ್ಟಾ ಪಿ ಒತ್ತಿ ನೋಡಿದ. ಒಂದೂ ಚುಕ್ಕೆಯಿಲ್ಲ. ಊರಿನ ಜೆರಾಕ್ಸ್ ಅಂಗಡಿ ಬಾಗಿಲು ತೆಗೆದೇ ಇತ್ತು. ಅವನು ಅದನ್ನು ದಾಟಿ ಮಾಲೂರಿನ ಬಸ್ಸು ಹತ್ತಿದ.

ಶೋಭಾರಾಣಿ ಫೈಲು ತೆರೆದು ನೋಡಿದಳು. "ಸರಿಯಾಗಿದೆ ಅಣ್ಣಾ. ತಿದ್ದೋಕೆ ಏನೂ ಇಲ್ಲ. ಇದಕ್ಕೆ ಇಷ್ಟು ದೂರ ಯಾಕೆ ಬಂದ್ರಿ? ಫೋನಲ್ಲಿ ಕಳಿಸಿದ್ರೆ ನೋಡಿ ಹೇಳ್ತಿದ್ದೆನಲ್ಲ."

"ಹಾಗೇ ಬಂದೆ," ಎಂದ ಆಚಾರಿ.

ಅವಳು ಎದುರಿನ ಅಂಗಡಿಗೆ ಎರಡು ಟೀ ಎಂದು ಕೂಗಿ ಹೇಳಿ, ಪಕ್ಕದ ಕುರ್ಚಿಯನ್ನು ಎಳೆದು ಕೊಟ್ಟಳು. ಅವನು ಕೂತ. ಅವಳು, ಮೊದಲ ದಿನ ಕಲಿಯಲು ಬಂದಾಗ ಶಾಮಲಕ್ಕ ಮೌಸನ್ನು ಮುಟ್ಟಲು ಹೇಗೆ ಹೆದರಿದ್ದರು ಎಂದು ಹೇಳತೊಡಗಿದಳು. ಟೀ ಬಂತು. ಶಿವಾರಪಟ್ಟಣದ ಬಸ್ಸು ಬಂದು ನಿಂತು, ಹೊರಟುಹೋಯಿತು. ಆಚಾರಿ ಮುಂದಿನದಕ್ಕೆ ಹೋಗೋಣವೆಂದು ಲೋಟ ಹಿಡಿದು ಕೇಳುತ್ತ ಕೂತ.